ಅಪ್‌ಡೇಟ್: 6 ದಿನಕ್ಕೇ ಖಾಲಿಯಾಗುತ್ತಿದ್ದ ಫಿಟ್‌ನೆಸ್ ಬ್ಯಾಂಡ್

ಕೇಳಿದ್ದು: "125 ಎಂಎಎಚ್ ಬ್ಯಾಂಡ್, ಬಾಕ್ಸ್ ಮೇಲೆ 14 ದಿನ ಅಂತಿದೆ, 6 ದಿನಕ್ಕೇ ಖಾಲಿ. ಲೆಕ್ಕ ಹಾಕೋದು ಹೇಗೆ?"

ಸರಾಸರಿ ಕರೆಂಟ್ ನೋಡಿ ಅಂದವರಿಗೆ ಥ್ಯಾಂಕ್ಸ್, ಅದೇ ಕೆಲಸಕ್ಕೆ ಬಂತು. ಚಾರ್ಜ್ 80%ನಿಂದ 30%ಗೆ ಇಳಿಯಲು 72 ಗಂಟೆ ಹಿಡಿಯಿತು. 62.5 ಎಂಎಎಚ್ ÷ 72 = ಸುಮಾರು 0.87 ಮಿಲಿಆಂಪ್, ಅಂದರೆ ದಿನಕ್ಕೆ 21 ಎಂಎಎಚ್.

ಬ್ರೈಟ್‌ನೆಸ್ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಸ್ಕ್ರೀನ್ 20 ಮಿಲಿಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 5 ಸೆಕೆಂಡಿನಂತೆ ದಿನಕ್ಕೆ 100 ಸಲ ಬೆಳಗಿದರೂ ಆಗುವುದು 2.8 ಎಂಎಎಚ್ ಅಷ್ಟೇ. ಇಡೀ ದಿನದ ಆಕ್ಸಿಜನ್ ಮಾನಿಟರಿಂಗ್ ಆಫ್ ಮಾಡಿದ ಮೇಲೆ ಅದೇ ಇಳಿತಕ್ಕೆ 120 ಗಂಟೆ ಬೇಕಾಯಿತು: 0.52 ಮಿಲಿಆಂಪ್, ಪೂರ್ತಿ ಚಾರ್ಜಿಗೆ 10 ದಿನ.

ಗೊತ್ತಿರದ ಒಂದು ವಿಷಯ: ಈ ಲೆಕ್ಕದಲ್ಲಿ ಬ್ಯಾಟರಿ ಸವೆದದ್ದು ತಿಳಿಯುವುದಿಲ್ಲ. ಹಳೆಯ ಸೆಲ್ 100 ಎಂಎಎಚ್‌ಗೆ ಇಳಿದಿದ್ದರೂ ಬ್ಯಾಂಡ್ 100% ಅಂತಲೇ ತೋರಿಸಬಹುದು.