ಪದಚರ್ಚೆ: ‘ಫಾಲ್‌ಬ್ಯಾಕ್’ಗೆ ‘ಹಿಂದೆ ಬೀಳು’ ಅನ್ನಬಹುದೇ?

ಪ್ರಶ್ನೆ (ಶಿರಸಿಯಿಂದ)

ಎಲ್ಲರಿಗೂ ನಮಸ್ಕಾರ. ನೆಟ್ ಸಂಪರ್ಕ ಕೊಡುವವರಿಗಾಗಿ ಒಂದು ಸಹಾಯಪುಟ ಬರೆಯುತ್ತಿದ್ದೇನೆ. ಹೊಸ ವಿಳಾಸ ಐಪಿವಿ6 ಕೆಲಸ ಮಾಡದಿದ್ದರೆ ಕಂಪ್ಯೂಟರ್ ಹಳೆಯ ಐಪಿವಿ4ಗೆ ‘ಫಾಲ್‌ಬ್ಯಾಕ್’ ಆಗುತ್ತದೆ, ಅಲ್ಲಿವರೆಗೆ ಪುಟ ತಡವಾಗುತ್ತದೆ ಎಂದು ಹೇಳಬೇಕು. ನಾನು ‘ಹಿಂದೆ ಬೀಳುತ್ತದೆ’ ಎಂದು ಬರೆದೆ. ಮನೆಯವರು ಓದಿ, ‘ಯಾರ ಹಿಂದೆ ಬಿದ್ದಿದೆ?’ ಎಂದು ನಕ್ಕರು.

ನಮ್ಮ ಹಳೆಯ ವಿಂಡೋಸ್ ಕಂಪ್ಯೂಟರಿನ ಲೆಕ್ಕದ ಸಾಫ್ಟ್‌ವೇರ್ ಸರ್ವರ್ ಮುಟ್ಟಲು ಪ್ರತಿ ಸಲ 21 ಸೆಕೆಂಡ್ ಸುಮ್ನೆ ಕೂರುತ್ತದೆ. ಅದೇ ಸರ್ವರಿನ ಪುಟ ಬ್ರೌಸರಿನಲ್ಲಿ ಬೇಗ ಬರುತ್ತದೆ. ಇದಕ್ಕೂ ಅದೇ ಪದ ಸಾಕೇ?

ಮೈಸೂರಿನಿಂದ

ಹೊಸ ವಿಳಾಸ ಉದ್ದ ಅಲ್ವಾ, 128 ಬಿಟ್. ಹಳೆಯದು 32. ಹೊರುವ ಭಾರ ಜಾಸ್ತಿ, ಅದಕ್ಕೇ ನಿಧಾನ. ಐಪಿವಿ6 ಆಫ್ ಮಾಡಿಬಿಡಿ, ಪದದ ತೊಂದರೆಯೂ ತಪ್ಪುತ್ತದೆ.

ಧಾರವಾಡದಿಂದ

ನಮ್ಮ ಬೀದಿಗೂ ಹೊಸ ಮನೆ ನಂಬರ್ ಕೊಟ್ಟಿದ್ದಾರೆ. ಹಳೆಯದನ್ನೂ ಬಾಗಿಲ ಮೇಲೆ ಉಳಿಸಿಕೊಂಡಿದ್ದೇವೆ. ಕೊರಿಯರ್ ಹುಡುಗ ಎರಡು ಸಲ ಫೋನ್ ಮಾಡುತ್ತಾನೆ. ನೀವು ಕೇಳಿದ್ದು ಇದೇ ತಾನೇ?

ಬೆಂಗಳೂರಿನಿಂದ (ನೆಟ್‌ವರ್ಕ್ ಕೆಲಸದವನು)

ಮೈಸೂರಿನವರೇ, ಉದ್ದ ನಿಜ. ಆದರೆ ಪ್ಯಾಕೆಟ್ಟಿನ ತಲೆಬರಹ 20 ಬೈಟ್ ಬದಲು 40 ಆದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ತಡ ಆಗುವುದು ಉತ್ತರಕ್ಕೆ ಕಾಯುವುದರಿಂದ.

ಶಿರಸಿಯವರ 21 ನೋಡಿದ ಕೂಡಲೇ ಗುರುತು ಸಿಕ್ಕಿತು. ಹಳೆಯ ವಿಂಡೋಸ್ ಒಂದು ಸಲ ಬಾಗಿಲು ತಟ್ಟಿ 3 ಸೆಕೆಂಡ್ ಕಾಯುತ್ತದೆ, ಮತ್ತೆ ತಟ್ಟಿ 6, ಇನ್ನೊಮ್ಮೆ ತಟ್ಟಿ 12. ಒಟ್ಟು 21. ಆಮೇಲೆಯೇ ಹಳೆಯ ವಿಳಾಸದ ಕಡೆ ತಿರುಗುತ್ತದೆ. ದಾರಿಯಲ್ಲಿ ಯಾರಾದರೂ ‘ಇಲ್ಲಿ ದಾರಿಯಿಲ್ಲ’ ಎಂದಿದ್ದರೆ ಇಷ್ಟು ಕಾಯುವ ಪ್ರಮೇಯವೇ ಇರಲಿಲ್ಲ. ಯಾರೂ ಏನೂ ಹೇಳದಿರುವುದೇ ತೊಂದರೆ.

ಬ್ರೌಸರ್ ಹಾಗಲ್ಲ. ಹೊಸದಕ್ಕೆ ತಟ್ಟಿ, ಸುಮಾರು ಕಾಲು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಹಳೆಯದಕ್ಕೂ ತಟ್ಟುತ್ತದೆ. ಹೊಸದನ್ನು ಬಿಟ್ಟೂ ಕೊಡುವುದಿಲ್ಲ. ಮೊದಲು ಓಗೊಟ್ಟವರ ಜೊತೆ ಮಾತು. ಈ ಉಪಾಯವನ್ನು 2012ರಲ್ಲೇ ಬರೆದಿಟ್ಟರು, 2017ರಲ್ಲಿ ತಿದ್ದಿದರು. ಹೆಸರು ‘ಹ್ಯಾಪಿ ಐಬಾಲ್ಸ್’. ಅದನ್ನು ಮಾತ್ರ ಅನುವಾದ ಮಾಡಬೇಡಿ ಮಾರಾಯರೇ.

ಅಂದರೆ ಲೆಕ್ಕದ ಸಾಫ್ಟ್‌ವೇರಿನದು ‘ಅದು ಕೈಕೊಟ್ಟ ಮೇಲೆ ಇದಕ್ಕೆ ಹೋಗುವುದು’, ಬ್ರೌಸರಿನದು ‘ಇದನ್ನೂ ಜೊತೆಗೆ ಹೊರಡಿಸುವುದು’. ಎರಡಕ್ಕೂ ಒಂದೇ ಪದ ಬೇಡ. ನಿಮ್ಮದು ಇದೇ ಹೌದೋ ಅಲ್ಲವೋ ಎಂದು ಹೀಗೆ ನೋಡಿ. `example.com` ಜಾಗದಲ್ಲಿ ನಿಮ್ಮ ಸರ್ವರಿನ ಹೆಸರು ಹಾಕಿ:

```
curl -4 -I https://example.com
curl -6 -I https://example.com
```

ಮೊದಲನೆಯದು ತಕ್ಷಣ ಉತ್ತರಿಸಿ ಎರಡನೆಯದು ಸುಮ್ಮನೆ ನಿಂತರೆ ಹೊಸ ದಾರಿ ಎಲ್ಲೋ ಕಡಿದಿದೆ.

ಮಂಗಳೂರಿನಿಂದ

ನನ್ನದು ಬೇರೆ ಥರ ಸಾರ್. ಬ್ರೌಸರಿನಲ್ಲೇ ಪುಟ ಬಿಳಿಯಾಗಿ ನಿಲ್ಲುತ್ತದೆ. ಕೆಲವು ಸೈಟುಗಳು ಮಾತ್ರ. ನಿಮ್ಮ ಕಾಲು ಸೆಕೆಂಡ್ ಏನಾಯಿತು?

ಬೆಂಗಳೂರಿನಿಂದ

ಮೇಡಂ, ನಿಮ್ಮಲ್ಲಿ ಬಹುಶಃ ಬಾಗಿಲು ತೆರೆದಿದೆ, ಸಾಮಾನು ಒಳಗೆ ಬರುತ್ತಿಲ್ಲ. ತಟ್ಟುವ ಪ್ಯಾಕೆಟ್ ಚಿಕ್ಕದು, ಸಲೀಸಾಗಿ ಹೋಗಿಬರುತ್ತದೆ. ಬ್ರೌಸರ್ ಹೊಸ ವಿಳಾಸವೇ ಗೆದ್ದಿತು ಅಂದುಕೊಂಡು ಓಟ ಮುಗಿಸಿಬಿಡುತ್ತದೆ. ಆಮೇಲೆ ಸರ್ವರ್ 1500 ಬೈಟಿನ ಪ್ಯಾಕೆಟ್ ಕಳಿಸುತ್ತದೆ. ಪಿಪಿಪಿಒಇ ಸಂಪರ್ಕದಲ್ಲಿ ಸಾಮಾನ್ಯವಾಗಿ 1492ರಷ್ಟೇ ಹಿಡಿಯುತ್ತದೆ. ಐಪಿವಿ6ರಲ್ಲಿ ನಡುವಿನ ರೂಟರ್ ಪ್ಯಾಕೆಟ್ ಕತ್ತರಿಸುವಂತಿಲ್ಲ. ‘ದೊಡ್ಡದಾಯಿತು, ಚಿಕ್ಕದು ಕಳಿಸು’ ಎಂದು ಸರ್ವರಿಗೆ ಚೀಟಿ ಕಳಿಸುತ್ತದೆ. ಆ ಚೀಟಿಯನ್ನು ಯಾವುದೋ ಫೈರ್‌ವಾಲ್ ನುಂಗಿದರೆ ಸರ್ವರ್ ಅದೇ ಗಾತ್ರದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಹಳೆಯದಕ್ಕೆ ಮನೆಯ ರೂಟರಿನಲ್ಲಿ ಗಾತ್ರ ಮೊದಲೇ ತಗ್ಗಿಸಿರುತ್ತಾರೆ, ಹೊಸದಕ್ಕೆ ಮರೆತಿರುತ್ತಾರೆ.

ಕಂಪ್ಯೂಟರಿನ ಐಪಿವಿ6 `MTU`, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1280ಕ್ಕೆ ಇಳಿಸಿ ನೋಡಿ. ಪುಟ ಬಂದರೆ ಇದೇ ಕಾಯಿಲೆ.

ಮಂಗಳೂರಿನಿಂದ

ಬಂತು! ಆದರೆ ಫೋನಿನಲ್ಲಿ ಆ ಸೆಟ್ಟಿಂಗ್ ಸಿಗುತ್ತಿಲ್ಲ.

ಬೆಂಗಳೂರಿನಿಂದ

ಹಾಗಾದರೆ ರೂಟರಿನಲ್ಲೇ ತಿದ್ದಬೇಕು. ಸಂಪರ್ಕ ಕೊಟ್ಟವರಿಗೆ ಹೇಳಿ.

ಮೈಸೂರಿನಿಂದ

ಆಫ್ ಮಾಡಿದರೂ ಸರಿಹೋಗುತ್ತಿತ್ತು, ಒಪ್ಪಿಕೊಳ್ಳಿ.

ಶಿರಸಿಯಿಂದ

ಎರಡನೆಯ `curl` ನಿಂತೇ ಬಿಟ್ಟಿತು, ಧನ್ಯವಾದ. ಪುಟದಲ್ಲಿ ಹೀಗೆ ಬರೆದೆ: ‘ಹೊಸ ವಿಳಾಸ ಕೈಕೊಟ್ಟರೆ ಕಂಪ್ಯೂಟರ್ ಹಳೆಯದಕ್ಕೆ ತಿರುಗುತ್ತದೆ.’ ಬ್ರೌಸರಿನ ಸಾಲಿಗೆ ‘ಬೆನ್ನಿಗೇ ಹೊರಡಿಸುತ್ತದೆ’ ಎಂದಿದ್ದೇನೆ. ಮನೆಯವರು ಈ ಸಲ ನಗಲಿಲ್ಲ. ಆದರೆ ‘ಬೆನ್ನಿಗೇ’ ಅಂದರೆ ಕಾಲು ಸೆಕೆಂಡಿನ ಬಿಡುವು ಕಾಣುವುದಿಲ್ಲ ಅಂತಾರೆ. ‘ತುಸು ತಡೆದು’ ಸೇರಿಸಲೇ?