ಸ್ಕಾಲರ್‌ಶಿಪ್ ಪ್ರಬಂಧದಲ್ಲಿ ಕಷ್ಟ ಬರೆಯಬೇಕು, ಗೋಳು ಅನ್ನಿಸಬಾರದು: ಹೇಗೆ?

ಮಾನ್ವಿ ಕಡೆಯ ಹುಡುಗಿ: ಪಿಯುಸಿ ಮುಗಿಯಿತು. ನಮ್ಮ ಮನೆಯಲ್ಲಿ ಡಿಗ್ರಿಗೆ ಹೋಗುವವಳು ನಾನೇ ಮೊದಲು. ಒಂದು ಟ್ರಸ್ಟಿನ ಸ್ಕಾಲರ್‌ಶಿಪ್‌ಗೆ ‘ನೀವು ಎದುರಿಸಿದ ಸವಾಲು’ ಅಂತ 500 ಪದ ಬರೆಯಬೇಕು. ಹತ್ತನೇ ಕ್ಲಾಸ್ ಆದಮೇಲೆ ಮನೆಯವರ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಒಂದು ವರ್ಷ ಓದು ತಪ್ಪಿತು. ಬರೆದದ್ದು ಓದಿದರೆ ಭಿಕ್ಷೆ ಬೇಡಿದ ಹಾಗಿದೆ. ಕಷ್ಟ ತೆಗೆದರೆ ಸುಳ್ಳು ಬರೆದ ಹಾಗಿದೆ. ಬರೆದು ಗೊತ್ತಿರುವವರು ಹೇಳಿ.

ಕೊಪ್ಪಳದ ಒಬ್ಬರು: ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಪ್ರಬಂಧ ಕೇಳುವುದೇ ಇಲ್ಲವಲ್ಲಮ್ಮ. ಮೊದಲು ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆ ನೋಡು. ನನ್ನ ಮಗನ ದುಡ್ಡು ಯಾವುದೋ ಹಳೇ ಖಾತೆಗೆ ಹೋಗಿ ಬಿದ್ದಿತ್ತು, ಆರು ತಿಂಗಳು ನಮಗೆ ಗೊತ್ತೇ ಆಗಲಿಲ್ಲ.

ಮಾನ್ವಿ ಕಡೆಯ ಹುಡುಗಿ: ಇದು ಸರ್ಕಾರದ್ದಲ್ಲ ಸರ್, ಖಾಸಗಿ ಟ್ರಸ್ಟ್. ಆದರೂ ಖಾತೆ ನೋಡಿಸುತ್ತೇನೆ.

ಗಂಗಾವತಿಯ ಇಂಜಿನಿಯರಿಂಗ್ ಹುಡುಗ: ಅಕ್ಕ, ಕಷ್ಟ ಬರೆಯಲೇಬೇಡಿ. ಆದಾಯ ಪ್ರಮಾಣಪತ್ರ ಅರ್ಜಿಯ ಜೊತೆಗೇ ಹೋಗುತ್ತದೆ. ಬಡವರು ಅಂತ ಅವರಿಗೆ ಗೊತ್ತಿರುತ್ತದೆ. ಮಾರ್ಕ್ಸ್, ಬಹುಮಾನ, ಮುಂದೇನು ಓದುತ್ತೀರಿ, ಇಷ್ಟು ಸಾಕು. ನಾನು ಹಾಗೇ ಬರೆದೆ, ಸಿಕ್ಕಿತು.

ಬಳ್ಳಾರಿಯ ಹುಡುಗ: ನಾನು ಉಲ್ಟಾ ಮಾಡಿ ಕೆಟ್ಟೆ. ಅಪ್ಪ ಜೀನ್ಸ್ ಹೊಲಿಯುತ್ತಾರೆ. ಸೀಸನ್ ಇಲ್ಲದಾಗ ಕೈ ಬಿಗಿ ಇರುತ್ತದೆ, ನಿಜ. ಆದರೆ ನಾನು ‘ದಿನಕ್ಕೆ ಒಂದೇ ಹೊತ್ತು ಊಟ’ ಅಂತ ಬರೆದುಬಿಟ್ಟೆ. ಇಂಟರ್‌ವ್ಯೂನಲ್ಲಿ ಒಬ್ಬ ಮೇಡಂ ನಗುತ್ತಲೇ ‘ಬೆಳಿಗ್ಗೆ ಏನು ತಿಂದು ಬಂದೆಪ್ಪಾ?’ ಅಂದರು. ಬಾಯಿ ತಪ್ಪಿ ‘ಒಗ್ಗರಣಿ, ಮಿರ್ಚಿ’ ಅಂದೆ. ಅವರು ಮುಂದೆ ಏನೂ ಕೇಳಲಿಲ್ಲ. ನಿಜವಾಗಿ ಬರೆಯಬೇಕಿದ್ದದ್ದು, ಮಿಷನ್ ಕೆಟ್ಟ ಎರಡು ತಿಂಗಳು ನಾನು ರಾತ್ರಿ ದಾರ ಕತ್ತರಿಸುವ ಕೆಲಸಕ್ಕೆ ಹೋಗಿದ್ದು. ಅದು ಬರೆಯುವಂಥದ್ದು ಅಂತ ಆಗ ಹೊಳೆಯಲೇ ಇಲ್ಲ.

ರಾಯಚೂರಿನ ಮೇಡಂ: ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾಲ್ಕು ವರ್ಷ ಒಂದು ಟ್ರಸ್ಟಿಗೆ ಇಂಥ ಅರ್ಜಿ ಓದಿಕೊಟ್ಟಿದ್ದೇನೆ. ಗಂಗಾವತಿಯ ತಮ್ಮ ಹೇಳಿದ್ದು ಅರ್ಧ ಸರಿ. ಆದಾಯ ಎಷ್ಟು ಅಂತ ಪತ್ರ ಹೇಳುತ್ತದೆ. ಒಂದು ವರ್ಷ ಯಾಕೆ ತಪ್ಪಿತು ಅಂತ ಯಾವ ಪತ್ರವೂ ಹೇಳುವುದಿಲ್ಲ. ನೀನು ಹೇಳದಿದ್ದರೆ ಓದುವವರು ‘ಫೇಲ್ ಆಗಿರಬೇಕು’ ಅಂದುಕೊಳ್ಳುತ್ತಾರೆ. ಆ ವರ್ಷವೇ ನಿನ್ನ ಪ್ರಬಂಧ. ಈಗ ಬರೆದದ್ದರಲ್ಲಿ ಒಂದು ಪ್ಯಾರಾ ಇಲ್ಲಿ ಹಾಕು.

ಮಾನ್ವಿ ಕಡೆಯ ಹುಡುಗಿ: ‘ನಾನು ಕಡುಬಡತನದಲ್ಲಿ ಹುಟ್ಟಿದ ನತದೃಷ್ಟೆ. ಬರಗಾಲದಿಂದ ನಾವು ಊರು ಬಿಡಬೇಕಾಯಿತು. ಬೆಂಗಳೂರಿನಲ್ಲಿ ಪಟ್ಟ ಪಾಡು ದೇವರಿಗೇ ಗೊತ್ತು. ಪುಸ್ತಕ ಹಿಡಿಯಬೇಕಾದ ಕೈಯಲ್ಲಿ ತಮ್ಮನನ್ನು ಎತ್ತಿಕೊಂಡು ಕಣ್ಣೀರು ಹಾಕಿದೆ.’

ರಾಯಚೂರಿನ ಮೇಡಂ: ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ನಿನ್ನದೇ ಅಂತ ಹೇಳುವ ಒಂದು ಮಾತೂ ಇಲ್ಲ. ಹೆಸರು ತೆಗೆದು ಬೇರೆ ಯಾರದೋ ಅರ್ಜಿಗೆ ಹಾಕಿದರೂ ನಡೆಯುತ್ತದೆ. ‘ದೇವರಿಗೇ ಗೊತ್ತು’ ಅಂದರೆ ಓದುವವರಿಗೆ ಹೇಗೆ ಗೊತ್ತಾಗಬೇಕು? ಕಡುಬಡತನ, ನತದೃಷ್ಟೆ, ಪಾಡು, ಕಣ್ಣೀರು, ಈ ನಾಲ್ಕನ್ನೂ ಹೊಡೆದು ಹಾಕಿ ಮತ್ತೆ ಓದು. ಕಷ್ಟ ಇನ್ನೂ ಕಾಣುತ್ತಿದ್ದರೆ ಬರವಣಿಗೆ ಸರಿ ಇದೆ. ನಿನ್ನದರಲ್ಲಿ ಆಗ ತಮ್ಮ ಒಬ್ಬನೇ ಉಳಿಯುತ್ತಾನೆ.

ಈಗ ಹೇಳು. ಊರು ಯಾಕೆ ಬಿಟ್ಟಿರಿ? ಅಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ನೀನು ಏನು ಮಾಡುತ್ತಿದ್ದೆ?

ಮಾನ್ವಿ ಕಡೆಯ ಹುಡುಗಿ: ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ಊರು. 2023ರಲ್ಲಿ ಮಳೆ ಕೈಕೊಟ್ಟಿತು, ಕಾಲುವೆ ನೀರು ನಮ್ಮ ತನಕ ಬರಲಿಲ್ಲ. ಅವ್ವನಿಗೆ ನಾಟಿ ಕೆಲಸವೇ ಇಲ್ಲ. ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸ, ತಗಡಿನ ಶೆಡ್. ಬೆಳಿಗ್ಗೆ ಟ್ಯಾಂಕರ್ ನೀರು ಹಿಡಿಯುವುದು, ತಮ್ಮನನ್ನು ನೋಡಿಕೊಳ್ಳುವುದು, ಅಡುಗೆ. ಸಂಜೆ ಹೆಂಗಸರ ಹಾಜರಿ ಬರೆಯುತ್ತಿದ್ದೆ, ಅಷ್ಟೇ.

ರಾಯಚೂರಿನ ಮೇಡಂ: ಹಾಜರಿ ಯಾಕೆ ಬರೆಯುತ್ತಿದ್ದೆ?

ಮಾನ್ವಿ ಕಡೆಯ ಹುಡುಗಿ: ಬಟವಾಡೆ ದಿನ ಮೇಸ್ತ್ರಿ ಲೆಕ್ಕ ಕಡಿಮೆ ಬರುತ್ತಿತ್ತು. ಅರ್ಧ ದಿನ ಮಳೆ ಬಂದರೆ ಪೂರ್ತಿ ಹಾಜರಿ ಕತ್ತರಿಸುತ್ತಿದ್ದ. ನಮ್ಮ ಗುಂಪಿನಲ್ಲಿ ಯಾರಿಗೂ ಓದಲು ಬರುವುದಿಲ್ಲ. ನಾನು ನೋಟ್‌ಬುಕ್‌ನಲ್ಲಿ 14 ಹೆಂಗಸರ ಹೆಸರು ಬರೆದು ದಿನಾ ಗೆರೆ ಹಾಕುತ್ತಿದ್ದೆ. ಪೂರ್ತಿ ದಿನಕ್ಕೆ ನೆಟ್ಟಗಿನ ಗೆರೆ, ಅರ್ಧ ದಿನಕ್ಕೆ ಅಡ್ಡ ಗೆರೆ. ಮೂರನೇ ವಾರದಿಂದ ಅವನೇ ಬಂದು ನನ್ನ ನೋಟ್‌ಬುಕ್ ಜೊತೆ ತಾಳೆ ನೋಡತೊಡಗಿದ.

ಬಳ್ಳಾರಿಯ ಹುಡುಗ: ಇದನ್ನು ‘ಅಷ್ಟೇ’ ಅಂತೀರಲ್ಲ ಅಕ್ಕ!

ರಾಯಚೂರಿನ ಮೇಡಂ: ಈ ನೋಟ್‌ಬುಕ್ಕಿನಿಂದಲೇ ಶುರು ಮಾಡು. ಬರ, ಕಾಲುವೆ, ಶೆಡ್ ಎಲ್ಲ ಸೇರಿ 120 ಪದ ದಾಟುವುದು ಬೇಡ. ಮಧ್ಯದ ಇನ್ನೂರು ಪದ ನೋಟ್‌ಬುಕ್ಕಿಗೂ ಪಿಯುಸಿಗೆ ವಾಪಸ್ ಬಂದಿದ್ದಕ್ಕೂ ಇರಲಿ. ಉಳಿದದ್ದು ಯಾವ ಕೋರ್ಸ್, ದುಡ್ಡು ಯಾವುದಕ್ಕೆ ಬೇಕು ಅನ್ನುವುದಕ್ಕೆ. ಅಲ್ಲಿ ‘ದಯವಿಟ್ಟು ಸಹಾಯ ಮಾಡಿ’ ಬೇಡ. ಹಾಸ್ಟೆಲ್ ಸಿಕ್ಕರೆ ಇಷ್ಟು, ಸಿಗದಿದ್ದರೆ ಇಷ್ಟು ಅಂತ ಲೆಕ್ಕ ಕೊಡು. ಲೆಕ್ಕ ಇಡುವ ಹುಡುಗಿ ತಾನೇ.

ಅಳು ಬಂದಿದ್ದರೆ ಒಂದು ಸಲ ಬರೆ, ತಪ್ಪಿಲ್ಲ. ನೀನು ಅತ್ತಿದ್ದು ಸುದ್ದಿ. ಓದುವವರೂ ಅಳಲಿ ಅಂತ ವಾಕ್ಯ ಎಳೆದರೆ ಅದು ಗೋಳು.

ಇನ್ನೊಂದು. ಹೋದ ವರ್ಷ ಒಬ್ಬ ಹುಡುಗಿ ‘ಬಸ್ ಚಾರ್ಜಿಗೂ ದುಡ್ಡಿಲ್ಲ’ ಅಂತ ಬರೆದಿದ್ದಳು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜೇ ಇಲ್ಲ. ಓದುತ್ತಿದ್ದವರು ಅಲ್ಲೇ ಪೆನ್ನಿಂದ ಸುತ್ತು ಹಾಕಿದರು. ಫೋನ್ ಮಾಡಿ ಕೇಳಿದರೆ ನಿಜವಾದ ತೊಂದರೆ ಬೇರೆ. ಅವಳ ಊರಿಗೆ ಕೊನೇ ಬಸ್ಸು ಸಂಜೆ ಐದಕ್ಕೆ, ಪ್ರಾಕ್ಟಿಕಲ್ ಮುಗಿಯುವುದು ಐದೂವರೆಗೆ. ಅದನ್ನೇ ಬರೆದಿದ್ದರೆ ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಕೆಲವು ಟ್ರಸ್ಟಿನವರು ಮನೆಗೂ ಬರುತ್ತಾರೆ, ನೆನಪಿರಲಿ.

ಮಾನ್ವಿ ಕಡೆಯ ಹುಡುಗಿ: ಅಪ್ಪ ಕುಡಿಯುತ್ತಾರೆ. ಅದನ್ನು ಬರೆಯಬೇಕಾ ಮೇಡಂ?

ಗಂಗಾವತಿಯ ಇಂಜಿನಿಯರಿಂಗ್ ಹುಡುಗ: ಬೇಡವೇ ಬೇಡ. ಮನೆ ಮಾತು ಹೊರಗೆ ಯಾಕೆ?

ಬಳ್ಳಾರಿಯ ಹುಡುಗ: ನಿಜ ಬರೆಯಿರಿ ಅಂತ ಹೇಳಿ, ಇದನ್ನು ಮಾತ್ರ ಮುಚ್ಚಿಡಿ ಅಂದರೆ ಹೇಗೆ?

ರಾಯಚೂರಿನ ಮೇಡಂ: ಇದರಲ್ಲಿ ನನಗೂ ಗೊಂದಲ ಇದೆ. ಅಪ್ಪನ ಕುಡಿತದಿಂದಲೇ ಆ ವರ್ಷ ತಪ್ಪಿದ್ದರೆ ಒಂದು ಸಾಲು ಬೇಕಾಗುತ್ತದೆ. ಹಾಗಿಲ್ಲದಿದ್ದರೆ ಅನುಕಂಪಕ್ಕೆ ಸೇರಿಸಿದ ಹಾಗೆ ಕಾಣುತ್ತದೆ. ಮನೆಗೆ ಬಂದವರ ಎದುರು ಅಪ್ಪನೂ ಕೂತಿರುತ್ತಾರೆ. ನೀನೇ ತೂಗಿ ನೋಡು.

ಮಾನ್ವಿ ಕಡೆಯ ಹುಡುಗಿ: ಸದ್ಯಕ್ಕೆ ಬಿಟ್ಟಿದ್ದೇನೆ. ಶುರು ಹೀಗೆ ಬರೆದೆ: ‘ನನ್ನ ಹತ್ತಿರ ಒಂದು 200 ಪುಟದ ನೋಟ್‌ಬುಕ್ ಇದೆ. ಅದರಲ್ಲಿ ಪಾಠ ಇಲ್ಲ. 14 ಹೆಂಗಸರ ಹಾಜರಿ ಇದೆ. 2023ರಲ್ಲಿ ನಮ್ಮ ಊರಿಗೆ ಕಾಲುವೆ ನೀರು ಬರಲಿಲ್ಲ. ಅವ್ವ ಬೆಂಗಳೂರಿಗೆ ಕೆಲಸಕ್ಕೆ ಹೋದಳು, ನಾನೂ ಹೋದೆ. ಆ ವರ್ಷ ನಾನು ಕಾಲೇಜಿಗೆ ಸೇರಲಿಲ್ಲ. ಸಂಜೆ ಆರಕ್ಕೆ ಈ ನೋಟ್‌ಬುಕ್ ತೆಗೆಯುತ್ತಿದ್ದೆ.’

ರಾಯಚೂರಿನ ಮೇಡಂ: ಕೈ ಹಚ್ಚಬೇಡ, ಹೀಗೇ ಇರಲಿ. ಅವ್ವನಿಗೆ ಓದಿ ಹೇಳಿದೆಯಾ?

ಮಾನ್ವಿ ಕಡೆಯ ಹುಡುಗಿ: ಈಗ ಓದಿದೆ. 14 ಅಲ್ಲ, 13 ಮಂದಿ ಅಂದಳು. ಒಬ್ಬಾಕೆ ದೀಪಾವಳಿಗೆ ಊರಿಗೆ ಹೋದವಳು ವಾಪಸ್ ಬರಲೇ ಇಲ್ಲವಂತೆ. ನೋಟ್‌ಬುಕ್ ತೆಗೆದು ನೋಡಿದೆ, ಆ ಹೆಸರಿನ ಮುಂದೆ ಅಲ್ಲಿಂದ ಗೆರೆಯೇ ಇಲ್ಲ. ‘ಮೊದಲು 14, ದೀಪಾವಳಿ ಆದಮೇಲೆ 13’ ಅಂತ ತಿದ್ದಿದ್ದೇನೆ.