ಅಪ್‌ಡೇಟ್: ಕಾಲ್ಬೆರಳ ಸಂದಿಯ ತುರಿಕೆ

ಹಿಂದೆ ಕೇಳಿದ್ದು: "ಮಂಗಳೂರಲ್ಲಿ ಕೆಲಸ, ದಿನಕ್ಕೆ ಹತ್ತು ಗಂಟೆ ಸೇಫ್ಟಿ ಶೂ. ಮಳೆ ಶುರುವಾದಾಗಿಂದ ಕಿರುಬೆರಳ ಸಂದಿಯಲ್ಲಿ ತುರಿಕೆ, ಚರ್ಮ ಸುಲಿಯುತ್ತಿದೆ. ಮನೆಯಲ್ಲಿದ್ದ ಕ್ರೀಮ್ ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಮತ್ತೆ ಬರುತ್ತೆ. ಯಾಕೆ?"

ಕೊನೆಗೂ ಚರ್ಮದ ಡಾಕ್ಟರ್ ಹತ್ರ ಹೋದೆ. ಆ ಟ್ಯೂಬನ್ನೂ ಒಯ್ದಿದ್ದೆ. ಅವರು ಮೊದಲು ಓದಿದ್ದೇ ಅದರ ಹಿಂದಿನ ಸಣ್ಣ ಅಕ್ಷರ. ಫಂಗಸ್ ಔಷಧಿಯ ಜೊತೆ ಕ್ಲೋಬೆಟಾಸಾಲ್ ಅಂತ ಸ್ಟೀರಾಯ್ಡ್ ಕೂಡ ಇತ್ತು! ಅದು ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ, ಆದರೆ ಫಂಗಸ್ ಒಳಗೊಳಗೇ ಹರಡುತ್ತದೆ. ನನಗೂ ಅಷ್ಟರಲ್ಲಿ ಪಕ್ಕದ ಸಂದಿಗೂ ಹಬ್ಬಿ, ಚರ್ಮ ನೀರಲ್ಲಿ ನೆನೆದ ಹಾಗೆ ಬೆಳ್ಳಗಾಗಿತ್ತು.

ಬರೀ ಕ್ಲೋಟ್ರಿಮಜೋಲ್ 1% ಕ್ರೀಮ್ ಕೊಟ್ಟರು. ದಿನಕ್ಕೆರಡು ಸಲ, ನಾಲ್ಕು ವಾರ. ವಾರದಲ್ಲೇ ತುರಿಕೆ ನಿಂತಿತು. ಹಿಂದಿನ ಸಲವಾದರೆ ಅಲ್ಲಿಗೇ ಬಿಡುತ್ತಿದ್ದೆ, ಈ ಸಲ ಪೂರ್ತಿ ಮುಗಿಸಿದೆ.

ನಿಜವಾದ ತಲೆನೋವು ಶೂ. ಮಳೆಗಾಲದಲ್ಲಿ ಅದು ರಾತ್ರಿ ಬೆಳಗಾಗುವುದರೊಳಗೆ ಒಣಗುವುದೇ ಇಲ್ಲ. ಕೈ ಹಾಕಿದರೆ ಮುಂದಿನ ತುದಿಯಲ್ಲಿ ಇನ್ನೂ ತಣ್ಣಗಿರುತ್ತಿತ್ತು. ಈಗ ಎರಡು ಜೋಡಿ ಇಟ್ಟುಕೊಂಡಿದ್ದೇನೆ, ದಿನ ಬಿಟ್ಟು ದಿನ ಹಾಕುತ್ತೇನೆ. ಬಂದ ತಕ್ಷಣ ಒಳಗಿನ ಸೋಲ್ ಕಿತ್ತು, ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗೆ ಇಡುತ್ತೇನೆ. ಪೇಪರ್ ಒದ್ದೆಯಾದರೆ ಮಲಗುವ ಮುಂಚೆ ಬದಲಿಸುತ್ತೇನೆ. ಊಟದ ಹೊತ್ತಿಗೆ ಸಾಕ್ಸ್ ಬದಲಿಸಿ, ಸಂದಿಗಳನ್ನು ಬೇರೆ ಬಟ್ಟೆಯಿಂದ ಒರೆಸುತ್ತೇನೆ. ಅದೇ ಟವೆಲ್ ತೊಡೆಸಂದಿಗೆ ತಾಗಿದರೆ ಅಲ್ಲೂ ಬರುತ್ತಂತೆ.

ಸಕ್ಕರೆ ಕಾಯಿಲೆ ಇರುವವರು, ಅಥವಾ ಕಾಲು ಊದಿ ಕೀವು ಬಂದವರು ಕ್ರೀಮ್ ಹಚ್ಚಿಕೊಂಡು ಕಾಯಬಾರದು, ನೇರ ತೋರಿಸಿ ಅಂದರು. ನನ್ನದು ವಾಸಿಯಾಗಿ ಆರು ವಾರ ಆಯ್ತು. ಮಳೆ ಇನ್ನೂ ಬಿಟ್ಟಿಲ್ಲ.